ಎಣಿಸಿದರೆ ಐದು, ನೋಡಿದರೆ ಆರು

ಮೊದಲ ಇಂಟರ್ನಲ್ ಪರೀಕ್ಷೆಯ ದಿನ ಮೂರನೆಯ ಮೇಜಿನ ಮೇಲೆ ಒಂದು ಹಲ್ಲು ಇಟ್ಟಿದ್ದರು. ಬಿಡಿಎಸ್ ಮೊದಲ ವರ್ಷದವರಿಗೆ ಇದು ಗೊತ್ತಿರುವ ನೋಟವೇ. ಸಾಲಾಗಿ ಮೇಜುಗಳು, ಒಂದೊಂದರ ಮೇಲೂ ಒಂದೊಂದು ಹಲ್ಲು, ಪಕ್ಕದಲ್ಲಿ ಒಂದು ಚೀಟಿ. ಗಂಟೆ ಬಾರಿಸುವಷ್ಟರಲ್ಲಿ ಅದು ಯಾವ ಹಲ್ಲು, ಯಾವ ಪಕ್ಕದ್ದು, ಹಾಗೆಂದು ಹೇಗೆ ಹೇಳುತ್ತೀರಿ ಎಂದು ಬರೆದು ಮುಂದಿನ ಮೇಜಿಗೆ ಹೋಗಬೇಕು. ಇದಕ್ಕೆ ಸ್ಪಾಟರ್ಸ್ ಎನ್ನುತ್ತಾರೆ. ನಾನು ಎತ್ತಿಕೊಂಡ ಹಲ್ಲಿಗೆ ಐದು ಮೊನೆ ಇತ್ತು, ಎರಡು ಬೇರು ಇತ್ತು. ಐದು ಮೊನೆ ಎಂದರೆ ಕೆಳದವಡೆಯ ಮೊದಲ ಶಾಶ್ವತ ಮೋಲಾರ್ ಎಂದು ಹಿಂದಿನ ರಾತ್ರಿಯಷ್ಟೇ ಬಾಯಿಪಾಠ ಮಾಡಿದ್ದೆ. ಖುಷಿಯಿಂದ ಅದನ್ನೇ ಬರೆದು ಮುಂದಕ್ಕೆ ಹೋದೆ.

ಉತ್ತರ ತಪ್ಪಾಗಿತ್ತು. ಅದು ಕೆಳದವಡೆಯ ಎರಡನೆಯ ಹಾಲುಹಲ್ಲು ಮೋಲಾರ್.

ಪೇಪರ್ ಕೊಡುವಾಗ ಮೇಡಂ ಒಂದೇ ಪ್ರಶ್ನೆ ಕೇಳಿದರು. ‘ಬೇರು ನೋಡಿದ್ರಾ?’ ನೋಡಿದ್ದೆ. ಬೇರು ಇದ್ದುದರಿಂದಲೇ ಅದು ಹಾಲುಹಲ್ಲು ಅಲ್ಲ ಎಂದುಕೊಂಡಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಹ್ಯಾಂಡ್‌ಪೋಸ್ಟ್‌ನಲ್ಲಿ ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಹಾಗೆ ಎಸೆದ ಯಾವ ಹಲ್ಲಿಗೂ ಬೇರು ಇದ್ದದ್ದನ್ನು ನಾನು ಕಂಡಿರಲಿಲ್ಲ. ಹಾಲುಹಲ್ಲಿಗೆ ಬೇರೇ ಇರುವುದಿಲ್ಲ, ಅದಕ್ಕೇ ಅದು ಅಲ್ಲಾಡಿ ಬೀಳುತ್ತದೆ ಎಂದು ನಮ್ಮಜ್ಜಿಯಿಂದ ಹಿಡಿದು ಎಲ್ಲರೂ ಹೇಳುತ್ತಿದ್ದರು. ಎನ್‌ಇಇಟಿ ಬರೆದು ಸೀಟು ತೆಗೆದುಕೊಂಡು ಮೈಸೂರಿಗೆ ಬಂದರೂ ಆ ಮಾತು ತಲೆಯೊಳಗೆ ಹಾಗೇ ಕೂತಿತ್ತು.

ನಿಜ ಏನೆಂದರೆ ಹಾಲುಹಲ್ಲಿಗೂ ಪೂರ್ತಿ ಬೇರು ಇರುತ್ತದೆ. ಹಲ್ಲು ಬಾಯೊಳಗೆ ಕಾಣಿಸಿಕೊಂಡ ಒಂದು, ಒಂದೂವರೆ ವರ್ಷದಲ್ಲಿ ಅದರ ಬೇರು ಬೆಳೆದು ಮುಗಿಯುತ್ತದೆ. ಆಮೇಲೆ ಕೆಲವು ವರ್ಷ ಕಳೆದು ಕೆಳಗಿನಿಂದ ಶಾಶ್ವತ ಹಲ್ಲು ಮೇಲೇರತೊಡಗಿದಾಗ, ದೇಹದ ಕೆಲವು ಜೀವಕೋಶಗಳು ಆ ಬೇರನ್ನು ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಕರಗಿಸುತ್ತವೆ. ಬೇರೆಲ್ಲ ಕರಗಿದ ಮೇಲೆ ಉಳಿಯುವುದು ಮೇಲಿನ ಟೋಪಿ ಮಾತ್ರ. ನಾವು ಹೆಂಚಿನ ಮೇಲೆ ಎಸೆದದ್ದು ಆ ಟೋಪಿಯನ್ನು. ಸ್ಪಾಟರ್ಸ್ ಮೇಜಿನ ಮೇಲೆ ಇದ್ದದ್ದು ಬೀಳುವ ಕಾಲಕ್ಕೆ ಮೊದಲೇ ಕಿತ್ತ ಹಲ್ಲು. ಅದಕ್ಕೆ ಬೇರು ಹಾಗೇ ಉಳಿದಿತ್ತು.

ಆ ಎರಡು ಹಲ್ಲುಗಳನ್ನು, ಅಂದರೆ ಎರಡನೆಯ ಹಾಲು ಮೋಲಾರ್ ಮತ್ತು ಅದರ ಹಿಂದೆಯೇ ಬರುವ ಮೊದಲ ಶಾಶ್ವತ ಮೋಲಾರನ್ನು, ಬೇರೆ ಮಾಡಿ ಗುರುತಿಸುವುದನ್ನು ಕಲಿಯಲು ನನಗೆ ಸುಮಾರು ಒಂದು ತಿಂಗಳು ಹಿಡಿಯಿತು. ಡೆಂಟಲ್ ಅನಾಟಮಿಯಲ್ಲಿ ಇನ್ನೂ ಎಷ್ಟೋ ಹಲ್ಲುಗಳಿವೆ. ಆದರೆ ಈ ಜೋಡಿಯೊಂದನ್ನು ಸರಿಯಾಗಿ ಕಲಿತರೆ ಆಕಾರದ ಪಾಠವೂ ಹಲ್ಲು ಹುಟ್ಟುವ ಕಾಲದ ಪಾಠವೂ ಒಟ್ಟಿಗೇ ಕೈಗೆ ಸಿಗುತ್ತವೆ. ಅದಕ್ಕೇ ಅದೊಂದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿಕ್ಕಿನ ಹೆಸರುಗಳು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ವಾರ ತಲೆ ತಿರುಗಿಸಿದ್ದು ಇವೇ. ಬಾಯಿಯ ಮಧ್ಯಗೆರೆಯ ಕಡೆಗಿರುವ ಹಲ್ಲಿನ ಪಕ್ಕ ಮೀಸಿಯಲ್. ಅದರಿಂದ ದೂರ, ಕಿವಿಯ ಕಡೆಗಿರುವುದು ಡಿಸ್ಟಲ್. ಕೆನ್ನೆಗೆ ತಾಗುವುದು ಬಕಲ್, ನಾಲಿಗೆಗೆ ತಾಗುವುದು ಲಿಂಗ್ವಲ್. ಅಗಿಯುವ ಮೇಲ್ಭಾಗದ ಮೊನೆಗಳಿಗೆ ಕಸ್ಪ್ ಎಂದು ಹೆಸರು. ಇಷ್ಟು ಗೊತ್ತಿದ್ದರೆ ಮುಂದಿನದು ನೋಡಿ ತಿಳಿಯುವಂಥದ್ದೇ.

ಎರಡೂ ಹಲ್ಲುಗಳಿಗೆ ಐದು ಕಸ್ಪ್. ಮೂರು ಕೆನ್ನೆಯ ಕಡೆ, ಎರಡು ನಾಲಿಗೆಯ ಕಡೆ. ನನ್ನನ್ನು ಬೀಳಿಸಿದ್ದು ಇದೇ ಹೋಲಿಕೆ. ಆದರೆ ಕೆನ್ನೆಯ ಕಡೆಯ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಗುಟ್ಟು ಬಿಡುತ್ತದೆ. ಹಾಲುಹಲ್ಲಿನಲ್ಲಿ ಆ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯವು, ಒಲೆಯ ಮೂರು ಗುಂಡಿನ ಹಾಗೆ. ಶಾಶ್ವತ ಹಲ್ಲಿನಲ್ಲಿ ಹಿಂದಿನದು, ಅಂದರೆ ಡಿಸ್ಟಲ್ ಕಸ್ಪ್, ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಚಿಕ್ಕದು. ದೊಡ್ಡವರಿಬ್ಬರ ಪಕ್ಕ ಒಂದು ಮಗು ನಿಂತ ಹಾಗಿರುತ್ತದೆ.

ಎರಡನೆಯದು ಕುತ್ತಿಗೆ. ಹಾಲುಹಲ್ಲನ್ನು ಕೆನ್ನೆಯ ಕಡೆಯಿಂದ ಬೆರಳಲ್ಲಿ ಸವರಿದರೆ ವಸಡಿನ ಹತ್ತಿರ ಒಂದು ಉಬ್ಬು ಸಿಗುತ್ತದೆ. ಅದರ ಕೆಳಗೆ ಹಲ್ಲು ತಟ್ಟನೆ ಸಣ್ಣಗಾಗುತ್ತದೆ. ಉಬ್ಬಿನಿಂದ ಮೇಲಕ್ಕೆ ಹೋದರೂ ಹಲ್ಲು ಕಿರಿದಾಗುತ್ತಲೇ ಹೋಗಿ, ಅಗಿಯುವ ಜಾಗ ಇಕ್ಕಟ್ಟಾಗಿರುತ್ತದೆ. ಶಾಶ್ವತ ಮೋಲಾರ್‌ನ ಕುತ್ತಿಗೆ ಇಷ್ಟು ಬಿಗಿದಿರುವುದಿಲ್ಲ, ಅಗಿಯುವ ಜಾಗ ವಿಶಾಲ. ಅಳತೆಯಲ್ಲೂ ವ್ಯತ್ಯಾಸ ಇದೆ. ಮುಂದಿನಿಂದ ಹಿಂದಕ್ಕೆ ಹಾಲು ಮೋಲಾರ್ ಸುಮಾರು 10 ಮಿ.ಮೀ. ಇದ್ದರೆ ಶಾಶ್ವತದ್ದು ಸುಮಾರು 11 ಮಿ.ಮೀ. ಒಂದು ಮಿಲಿಮೀಟರ್ ಕಣ್ಣಿಗೆ ಮೋಸ ಮಾಡುತ್ತದೆ. ಆದ್ದರಿಂದ ಬರೀ ಗಾತ್ರ ನೋಡಿ ತೀರ್ಮಾನಿಸುವುದು ಬೇಡ.

ಮೂರನೆಯದು ಬೇರು. ಮೇಡಂ ಕೇಳಿದ್ದು ಬೇರು ಇದೆಯೋ ಇಲ್ಲವೋ ಎಂದಲ್ಲ, ಹೇಗಿದೆ ಎಂದು. ಹಾಲುಹಲ್ಲಿನ ಎರಡು ಬೇರುಗಳು ತೆಳ್ಳಗೆ, ಕುತ್ತಿಗೆಯ ಹತ್ತಿರವೇ ಕವಲೊಡೆದು, ಕಾಲು ಅಗಲಿಸಿ ನಿಂತವರ ಹಾಗೆ ಹರಡಿಕೊಂಡಿರುತ್ತವೆ. ಆ ಹರಡಿಕೆಗೆ ಕಾರಣ ಇದೆ. ಅವುಗಳ ನಡುವಿನ ಜಾಗದಲ್ಲಿ, ಮೂಳೆಯೊಳಗೆ, ಮುಂದೆ ಬರಲಿರುವ ಎರಡನೆಯ ಪ್ರೀಮೋಲಾರ್‌ನ ಮೊಗ್ಗು ಕುಳಿತಿರುತ್ತದೆ. ಶಾಶ್ವತ ಮೋಲಾರ್‌ನ ಕೆಳಗೆ ಬರುವವರು ಯಾರೂ ಇಲ್ಲ, ಅದು ಯಾರಿಗೂ ಜಾಗ ಬಿಡಬೇಕಿಲ್ಲ. ಅದರ ಬೇರುಗಳು ಕುತ್ತಿಗೆಯಿಂದ ಸ್ವಲ್ಪ ದೂರ ಒಂದೇ ಕಾಂಡವಾಗಿ ಇಳಿದು ಆಮೇಲೆ ಕವಲಾಗುತ್ತವೆ, ದಪ್ಪಗಿರುತ್ತವೆ, ಅಷ್ಟು ಅಗಲಿಸುವುದಿಲ್ಲ. ಈ ಕಾರಣ ತಿಳಿದ ಮೇಲೆ ನನಗೆ ಬೇರಿನ ವ್ಯತ್ಯಾಸ ಮರೆತೇ ಇಲ್ಲ.

ಇನ್ನು ಪಕ್ಕ ಹೇಳುವುದು. ಎಡವೋ ಬಲವೋ ಎನ್ನುವಲ್ಲಿ ಎಷ್ಟೋ ಜನ ಅಂಕ ಕಳೆದುಕೊಳ್ಳುತ್ತಾರೆ. ಎದುರಿಗೆ ರೋಗಿ ಕೂತಿದ್ದಾರೆಂದು ಊಹಿಸಿಕೊಂಡರೆ ಕನ್ನಡಿಯ ಗೊಂದಲ ಶುರುವಾಗುತ್ತದೆ. ನಾನು ಮಾಡುವುದು ಹೀಗೆ. ಕೆಳದವಡೆಯ ಮೋಲಾರನ್ನು ಬೇರು ಕೆಳಗೆ, ಕಸ್ಪ್ ಮೇಲೆ ಬರುವಂತೆ ಹಿಡಿಯುತ್ತೇನೆ. ಮೂರು ಕಸ್ಪ್ ಇರುವ ಪಕ್ಕ ಕೆನ್ನೆಯದು. ಆ ಮೂರರಲ್ಲಿ ಚಿಕ್ಕದು ಯಾವ ತುದಿಯಲ್ಲಿದೆಯೋ ಅದು ಹಿಂಬದಿ. ಆ ಚಿಕ್ಕ ಕಸ್ಪ್ ನನ್ನ ಎದೆಯ ಕಡೆ ಬರುವಂತೆ ಹಲ್ಲನ್ನು ತಿರುಗಿಸುತ್ತೇನೆ. ಈಗ ಹಲ್ಲು ನನ್ನ ಬಾಯಲ್ಲಿದ್ದರೆ ಹೇಗೆ ಇರುತ್ತಿತ್ತೋ ಹಾಗೇ ಇದೆ. ಮೂರು ಕಸ್ಪಿನ ಪಕ್ಕ ನನ್ನ ಬಲಗೈ ಕಡೆ ಬಂದರೆ ಬಲದವಡೆಯದು, ಎಡಗೈ ಕಡೆ ಬಂದರೆ ಎಡದ್ದು. ಕಸ್ಪ್ ಸವೆದು ಹೋಗಿದ್ದರೆ ಬೇರನ್ನು ನೋಡಬೇಕು. ಎರಡರಲ್ಲಿ ಮುಂದಿನ ಬೇರು ಕೆನ್ನೆಯಿಂದ ನಾಲಿಗೆಯತ್ತ ಅಗಲವಾಗಿ, ಚಪ್ಪಟೆಯಾಗಿರುತ್ತದೆ, ತುದಿ ಹಿಂದಕ್ಕೆ ಬಾಗಿರುತ್ತದೆ. ಪರೀಕ್ಷೆಗೆ ಇಡುವ ಹಲ್ಲುಗಳು ಯಾರೋ ಅಜ್ಜನೋ ಅಜ್ಜಿಯೋ ಅಗಿದು ಅಗಿದು ಸವೆಸಿದವೇ ಆಗಿರುವುದು ಹೆಚ್ಚು, ಹಾಗಾಗಿ ಎರಡೂ ದಾರಿ ಗೊತ್ತಿರಬೇಕು.

ಆಕಾರ ಹೀಗೆ ಒಂದು ಹದಕ್ಕೆ ಬಂತು. ಹುಟ್ಟುವ ಕಾಲದ ಪಟ್ಟಿ ಮಾತ್ರ ಬಹಳ ದಿನ ಬರಲಿಲ್ಲ. ವೀಲರ್ ಪುಸ್ತಕದ ಪಟ್ಟಿಯಲ್ಲಿ ಒಂದೊಂದು ಹಲ್ಲಿಗೂ ಗಟ್ಟಿಯಾಗಲು ಶುರುವಾಗುವ ಕಾಲ, ಮೇಲ್ಭಾಗ ಮುಗಿಯುವ ಕಾಲ, ಬಾಯಲ್ಲಿ ಕಾಣುವ ಕಾಲ, ಬೇರು ಮುಗಿಯುವ ಕಾಲ ಎಂದು ನಾಲ್ಕು ಅಂಕಣ. ಅದನ್ನು ಸಾಲುಸಾಲಾಗಿ ಉರು ಹೊಡೆದರೆ ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ಹತ್ತುವಾಗ ಇದ್ದದ್ದು ಹಂಪಾಪುರ ದಾಟುವಷ್ಟರಲ್ಲಿ ಇರುವುದಿಲ್ಲ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ.

ಕೊನೆಗೆ ಕೈಹಿಡಿದದ್ದು ಅಂಕಿಗಳಿಗಿಂತ ಸರದಿ. ಹಾಲುಹಲ್ಲುಗಳು ಮುಂದಿನಿಂದ ಹಿಂದಕ್ಕೆ ಸಾಲಾಗಿ ಹುಟ್ಟುವುದಿಲ್ಲ. ಬಾಚಿಹಲ್ಲುಗಳೆರಡು ಬಂದ ಮೇಲೆ ಕೋರೆಹಲ್ಲಿನ ಜಾಗ ಖಾಲಿ ಬಿಟ್ಟು ಮೊದಲ ಮೋಲಾರ್ ಬರುತ್ತದೆ, ಆಮೇಲೆ ಕೋರೆ, ಕಡೆಗೆ ಎರಡನೆಯ ಮೋಲಾರ್. ಕಾಲಕ್ಕೆ ಒಂದು ಸುಲಭದ ಲೆಕ್ಕ ಇದೆ. ಏಳು ತಿಂಗಳಿನ ಆಸುಪಾಸಿಗೆ ಮೊದಲ ಹಲ್ಲು, ಅಲ್ಲಿಂದ ನಾಲ್ಕು ನಾಲ್ಕು ತಿಂಗಳಿಗೆ ನಾಲ್ಕು ನಾಲ್ಕು ಹಲ್ಲು. 11 ತಿಂಗಳಿಗೆ 4, 15ಕ್ಕೆ 8, 19ಕ್ಕೆ 12, 23ಕ್ಕೆ 16, 27ಕ್ಕೆ 20. ಇದು ಅಂದಾಜು ಮಾತ್ರ. ಪರೀಕ್ಷೆಯಲ್ಲಿ ಪಟ್ಟಿಯ ಅಂಕಿಯನ್ನೇ ಬರೆಯಬೇಕು. ಆದರೆ ಪಟ್ಟಿ ಮರೆತಾಗ ಹತ್ತಿರಕ್ಕಾದರೂ ತಲುಪಿಸುತ್ತದೆ.

ಶಾಶ್ವತ ಹಲ್ಲುಗಳಲ್ಲಿ ಎಲ್ಲಕ್ಕಿಂತ ಮೊದಲು, 6ರಿಂದ 7 ವರ್ಷಕ್ಕೆ ಬರುವುದು ಇದೇ ಮೊದಲ ಮೋಲಾರ್, ಅದರ ಜೊತೆಜೊತೆಗೇ ಕೆಳಗಿನ ನಡು ಬಾಚಿಹಲ್ಲು. ಆಮೇಲೆ ಮೇಲಿನ ಮತ್ತು ಕೆಳಗಿನ ದವಡೆಗಳ ಸರದಿ ಬೇರೆಬೇರೆ. ಕೆಳಗೆ ಕೋರೆಹಲ್ಲು 9–10 ವರ್ಷಕ್ಕೇ, ಪ್ರೀಮೋಲಾರ್‌ಗಳಿಗಿಂತ ಮೊದಲು ಬರುತ್ತದೆ. ಮೇಲೆ ಪ್ರೀಮೋಲಾರ್‌ಗಳೆರಡೂ ಬಂದ ಮೇಲೆ 11–12ಕ್ಕೆ ಕೋರೆ. ತಡವಾಗಿ ಬಂದ ನೆಂಟರಿಗೆ ಪಂಕ್ತಿಯಲ್ಲಿ ಜಾಗ ಸಿಗದ ಹಾಗೆ ಅದಕ್ಕೆ ಎಷ್ಟೋ ಸಲ ಸಾಲಿನಲ್ಲಿ ಜಾಗ ಇರುವುದಿಲ್ಲ, ಹೊರಗೆ ಚಾಚಿಕೊಳ್ಳುತ್ತದೆ. ಊರಲ್ಲಿ ಹಲ್ಲಿನ ಮೇಲೆ ಹಲ್ಲು ಎನ್ನುವುದು ಬಹಳ ಸಲ ಈ ಮೇಲಿನ ಕೋರೆಯನ್ನೇ. ನನಗೂ ಇದೆ. ಸರದಿ ಮರೆತಾಗ ಕನ್ನಡಿ ನೋಡಿಕೊಳ್ಳುತ್ತೇನೆ.

ಈ ಪಟ್ಟಿ ಪರೀಕ್ಷೆಗಷ್ಟೇ ಎಂದುಕೊಂಡಿದ್ದೆ. ದಸರಾ ರಜೆಗೆ ಊರಿಗೆ ಹೋದಾಗ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಪುಟ್ಟಿ ಎರಡನೇ ತರಗತಿ, ಏಳು ವರ್ಷ ಐದು ತಿಂಗಳು. ಉಣ್ಣುವಾಗ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳು. ಕೇಳಿದರೆ ಎಡಗಡೆ ಕೆಳಗೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ ಎಂದಳು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎಡಗಡೆ ಕೊನೆಯ ಹಲ್ಲಿನ ಮೇಲ್ಭಾಗದ ಗೆರೆಗಳು ಕಪ್ಪಗಾಗಿದ್ದವು.

‘ಅದು ಹಾಲಲ್ಲು ಕಣೇ, ಬಿದ್ದೋಯ್ತದೆ ಬಿಡು. ಅದ್ಕೆ ಯಾಕೆ ಮೈಸೂರ್‌ಗಂಟ ಹೋಗದು?’ ಎಂದಳು ಅಕ್ಕ. ಅವಳ ಮಾತಿಗೆ ಆಧಾರವೂ ಇತ್ತು. ಈ ಮಗುವಿಗೆ ಹಿಂದೆ ಇನ್ನೂ ಯಾವ ಹಲ್ಲೂ ಬಿದ್ದಿರಲಿಲ್ಲ, ಬಿದ್ದಿದ್ದು ಮುಂದಿನವು ಮಾತ್ರ. ಹಳೆಯದು ಬೀಳದೆ ಹೊಸದು ಹೇಗೆ ಬರುತ್ತದೆ ಎನ್ನುವುದು ಅವಳ ಲೆಕ್ಕ.

ಆ ಲೆಕ್ಕ ತಪ್ಪುವುದು ಈ ಒಂದು ಹಲ್ಲಿನ ವಿಷಯದಲ್ಲೇ. ಮೊದಲ ಶಾಶ್ವತ ಮೋಲಾರ್ ಯಾವ ಹಾಲುಹಲ್ಲಿನ ಜಾಗಕ್ಕೂ ಬರುವುದಿಲ್ಲ. ಹಾಲುಹಲ್ಲುಗಳ ಸಾಲಿನ ಹಿಂದೆ, ದವಡೆ ಉದ್ದವಾದಂತೆ ಆಗುವ ಹೊಸ ಜಾಗದಲ್ಲಿ ಸದ್ದಿಲ್ಲದೆ ಮೇಲೇಳುತ್ತದೆ. ಹಲ್ಲು ಬೀಳುವುದಿಲ್ಲ, ರಕ್ತ ಬರುವುದಿಲ್ಲ, ಹೆಂಚಿನ ಮೇಲೆ ಎಸೆಯುವ ಸಂಭ್ರಮವೂ ಇಲ್ಲ. ಮನೆಯವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ.

ನಾವು ತರಗತಿಯಲ್ಲಿ ಕಲಿತ ಸುಲಭದ ದಾರಿ ಎಣಿಸುವುದು. ಹಾಲುಹಲ್ಲು ಒಂದೊಂದು ಪಕ್ಕಕ್ಕೆ ಐದೇ. ಮಧ್ಯಗೆರೆಯಿಂದ ಎಣಿಸಿಕೊಂಡು ಹೋಗಿ ಆರನೆಯದು ಸಿಕ್ಕರೆ ಅದು ಶಾಶ್ವತ ಹಲ್ಲೇ. ಪುಟ್ಟಿಯ ಬಲಗಡೆ ಕೆಳಗೆ ಎಣಿಸಿದೆ. ನಡುವಿನ ಬಾಚಿಹಲ್ಲು ಹೊಸದು, ಅದರ ಪಕ್ಕದ್ದು ಈಗಷ್ಟೇ ಅರ್ಧ ಹುಟ್ಟಿದ ಹೊಸದು, ಮೂರನೆಯದು ಹಾಲು ಕೋರೆ, ನಾಲ್ಕು ಮತ್ತು ಐದು ಹಾಲು ಮೋಲಾರ್‌ಗಳು, ಆರನೆಯದು ಶಾಶ್ವತ ಮೋಲಾರ್. ಏಳೂವರೆ ವರ್ಷಕ್ಕೆ ಪಟ್ಟಿ ಹೇಳುವುದೂ ಇದನ್ನೇ.

ಎಡಗಡೆ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಸಣ್ಣ ಸಂದು, ಐದು. ಕಪ್ಪಗಾದ ಹಲ್ಲು ಐದನೆಯದು. ಅದರ ಹಿಂದೆ ಏನೂ ಇಲ್ಲ.

ಎಣಿಕೆಯ ಪ್ರಕಾರ ಅಕ್ಕನೇ ಸರಿ. ಅದು ಎರಡನೆಯ ಹಾಲು ಮೋಲಾರ್, ಶಾಶ್ವತದ್ದು ಇನ್ನೂ ಹುಟ್ಟಬೇಕು. ಬಾಯಿ ಮುಚ್ಚಿಸಿ ಎದ್ದುಬಿಡುತ್ತಿದ್ದೆನೇನೋ, ಇಂಟರ್ನಲ್‌ನಲ್ಲಿ ಇದೇ ಜೋಡಿಯಲ್ಲಿ ಏಟು ತಿಂದಿರದಿದ್ದರೆ. ಬಲಗಡೆ ಬಂದದ್ದು ಎಡಗಡೆ ಬಂದಿಲ್ಲ ಎನ್ನುವುದು ನನಗೆ ಸರಿ ಅನ್ನಿಸಲಿಲ್ಲ. ಒಂದೇ ಬಾಯಲ್ಲಿ ಎಡಬಲದ ಜೋಡಿಗಳು ಸಾಮಾನ್ಯವಾಗಿ ಕೆಲವು ತಿಂಗಳ ಅಂತರದಲ್ಲಿ ಬಂದುಬಿಡುತ್ತವೆ. ಬಲಗಡೆಯದು ಪೂರ್ತಿ ಎದ್ದು ನಿಂತಿತ್ತು. ಆ ಸಂದು ಬೇರೆ ಅನುಮಾನ ಹುಟ್ಟಿಸಿತು.

ಬೇರು ಕಾಣುವುದಿಲ್ಲ, ಹಲ್ಲು ಬಾಯಲ್ಲೇ ಇದೆ. ಉಳಿದದ್ದು ಮೇಲ್ಭಾಗ. ಪುಟ್ಟಿಯನ್ನು ಕಿಟಕಿಯ ಹತ್ತಿರ ಕೂರಿಸಿ ಮತ್ತೆ ನೋಡಿದೆ. ಟಾರ್ಚ್ ಬೆಳಕಿನಲ್ಲಿ ಎಲ್ಲವೂ ಬೆಳ್ಳಗೇ ಕಾಣುತ್ತವೆ. ಹಗಲ ಬೆಳಕಿಗೆ ಆ ಹಲ್ಲು ಪಕ್ಕದ ಹಾಲುಹಲ್ಲಿಗಿಂತ ಒಂದು ಛಾಯೆ ಹಳದಿ ಇತ್ತು. ಕೆನ್ನೆಯ ಕಡೆ ಮೂರು ಕಸ್ಪ್, ಕೊನೆಯದು ಉಳಿದೆರಡಕ್ಕಿಂತ ಸ್ಪಷ್ಟವಾಗಿ ಚಿಕ್ಕದು. ವಸಡಿನ ಹತ್ತಿರ ಆ ಉಬ್ಬು ಇರಲಿಲ್ಲ. ಆಮೇಲೆ ಬಲಗಡೆಯ ಐದನೆಯ ಹಲ್ಲು, ಆರನೆಯ ಹಲ್ಲು ಎರಡನ್ನೂ ನೋಡಿ ಇದನ್ನು ಹೋಲಿಸಿದೆ. ಇದು ಆ ಪಕ್ಕದ ಐದರಂತಿರಲಿಲ್ಲ, ಆರರ ಕನ್ನಡಿಯ ಬಿಂಬದಂತಿತ್ತು.

‘ಅಕ್ಕ, ಇವಳಿಗೆ ಈ ಕಡೆ ಯಾವತ್ತಾದ್ರೂ ಹಲ್ಲು ಕೀಳಿಸಿದ್ಯಾ?’

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ‘ಹೂಂ ಕಣೇ. ಒಂದನೇ ಕ್ಲಾಸ್‌ಗೆ ಸೇರ್ಸೋಕ್ ಮುಂಚೆ ಕೀವಾಗಿ ಕೆನ್ನೆ ಊದ್ಕಂಡಿತ್ತಲ್ಲ, ಅವಾಗ ಒಂದ ಕಿತ್ತಾಕಿದ್ರು.’

ಅಲ್ಲಿಗೆ ಲೆಕ್ಕ ಸರಿಹೋಯಿತು. ಆಗ ಕಿತ್ತದ್ದು ಎರಡನೆಯ ಹಾಲು ಮೋಲಾರ್. ಆರು ವರ್ಷಕ್ಕೆ ಶಾಶ್ವತ ಮೋಲಾರ್ ಮೇಲೇಳುವಾಗ ಅದರ ಮುಂದೆ ಆತುಕೊಳ್ಳಲು ಗೋಡೆಯಂತಿರಬೇಕಿದ್ದ ಹಲ್ಲು ಇರಲಿಲ್ಲ. ಅದು ಮುಂದಕ್ಕೆ ಜರುಗಿ ಖಾಲಿ ಜಾಗಕ್ಕೆ ವಾಲಿಕೊಂಡು ನಿಂತಿತು. ಉಳಿದದ್ದೇ ಆ ಸಂದು. ಹೀಗಾಗಿ ಎಣಿಸಿದರೆ ಐದು, ನೋಡಿದರೆ ಆರು. ಹಲ್ಲಿಗೆ ಎರಡಂಕಿಯ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಅದು 36. ನಾನು ಎಣಿಕೆ ನಂಬಿದ್ದರೆ 75 ಎಂದು ಬರೆಯುತ್ತಿದ್ದೆ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎನ್ನುವುದನ್ನು, ಹಾಲುಹಲ್ಲೋ ಶಾಶ್ವತವೋ ಎನ್ನುವುದನ್ನು ಹೇಳುತ್ತದೆ, ಎರಡನೆಯದು ಮಧ್ಯಗೆರೆಯಿಂದ ಎಷ್ಟನೆಯ ಹಲ್ಲು ಎಂಬುದನ್ನು. ಎಷ್ಟನೆಯ ಜಾಗದಲ್ಲಿ ಕೂತಿದೆ ಎಂದಲ್ಲ, ಹುಟ್ಟಿನಿಂದ ಎಷ್ಟನೆಯದು ಎಂದು. ಈ ಸೂಕ್ಷ್ಮ ನನಗೆ ಪುಸ್ತಕದಲ್ಲಿ ಹೊಳೆದಿರಲಿಲ್ಲ.

ಅಕ್ಕನನ್ನು ಒಪ್ಪಿಸಲು ಮತ್ತೆ ಆ ಪಟ್ಟಿಯೇ ಬೇಕಾಯಿತು. ಹಾಲು ಮೋಲಾರ್ ಆಗಿದ್ದರೆ ಅದು ಹತ್ತು ಹನ್ನೆರಡು ವರ್ಷದವರೆಗೆ ಇದ್ದು ಬೀಳುತ್ತದೆ. ಅಷ್ಟು ವರ್ಷ ಇರಬೇಕಾದ್ದರಿಂದ ಅದನ್ನೂ ಹುಳುಕು ತಿನ್ನಲು ಬಿಡಬಾರದು ಎನ್ನುವುದು ಬೇರೆ ಮಾತು. ಇದು ಬೀಳುವುದೇ ಇಲ್ಲ, ಮುದುಕಿಯಾಗುವತನಕ ಇದೇ ಹಲ್ಲು. ಇನ್ನೊಂದು ವಿಷಯ, ಪಟ್ಟಿಯ ಕಡೆಯ ಅಂಕಣದಲ್ಲಿರುವುದು. ಶಾಶ್ವತ ಹಲ್ಲು ಬಾಯಲ್ಲಿ ಕಂಡ ಮೇಲೂ ಅದರ ಬೇರು ಮುಗಿಯಲು ಎರಡು ಮೂರು ವರ್ಷ ಬೇಕು. ಮೊದಲ ಮೋಲಾರ್‌ನ ಬೇರು ಪೂರ್ತಿಯಾಗುವುದು 9–10 ವರ್ಷಕ್ಕೆ. ಪುಟ್ಟಿಯ ವಯಸ್ಸಿನಲ್ಲಿ ಬೇರಿನ ತುದಿ ಇನ್ನೂ ತೆರೆದ ಕೊಳವೆಯ ಹಾಗಿರುತ್ತದೆ. ಬೇರನ್ನು ಬೆಳೆಸುವುದು ಒಳಗಿನ ಜೀವಂತ ಭಾಗ. ಹುಳುಕು ಅಲ್ಲಿಯವರೆಗೆ ಇಳಿದು ಆ ಭಾಗ ಸತ್ತರೆ ಬೇರು ಅರ್ಧಕ್ಕೇ ನಿಲ್ಲುತ್ತದೆ, ಗೋಡೆಗಳು ತೆಳ್ಳಗೇ ಉಳಿಯುತ್ತವೆ. ದೊಡ್ಡವರಿಗೆ ಮಾಡುವ ರೂಟ್ ಕೆನಾಲ್ ಅಲ್ಲಿ ಹಾಗೆಯೇ ಮಾಡಲು ಆಗುವುದಿಲ್ಲ, ತುದಿಯೇ ಮುಚ್ಚಿರುವುದಿಲ್ಲವಲ್ಲ. ಜುಮ್ಮೆನ್ನುತ್ತಿದೆ ಎನ್ನುವ ಹಂತದಲ್ಲೇ ಹೋಗಬೇಕಾದ್ದು ಇದಕ್ಕೆ.

ರಜೆ ಮುಗಿಸಿ ಹೊರಟಾಗ ಅಕ್ಕ, ಪುಟ್ಟಿ ಇಬ್ಬರೂ ನನ್ನ ಜೊತೆ ಮೈಸೂರಿಗೆ ಬಂದರು. ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಎಕ್ಸ್-ರೇ ತೆಗೆದು ತೋರಿಸಿದರು. ಅದು ಶಾಶ್ವತ ಮೋಲಾರೇ. ಬೇರಿನ ತುದಿಗಳು ತೆರೆದೇ ಇದ್ದವು, ಪುಸ್ತಕದ ಚಿತ್ರದಲ್ಲಿ ಇರುವಂತೆಯೇ. ಹುಳುಕು ಒಳಗಿನ ಜೀವಂತ ಭಾಗಕ್ಕೆ ಇನ್ನೂ ತಲುಪಿರಲಿಲ್ಲ. ನನ್ನ ಕಣ್ಣು ಹೋದದ್ದು ಅದರ ಮುಂದಿನ ಮೂಳೆಯೊಳಗೆ. ಅಲ್ಲೊಂದು ಪುಟ್ಟ ಟೋಪಿ ಇತ್ತು, ಬೇರಿಲ್ಲದ್ದು. ಎರಡನೆಯ ಪ್ರೀಮೋಲಾರ್. ಅದರ ಮೇಲ್ಭಾಗ 6–7 ವರ್ಷಕ್ಕೆ ಮುಗಿಯುತ್ತದೆ, 11–12ಕ್ಕೆ ಬಾಯಿಗೆ ಬರುತ್ತದೆ ಎಂದು ಓದಿದ್ದೆ. ಆ ಅಂಕಿಗಳನ್ನು ಅಂದು ಕಣ್ಣಾರೆ ಕಂಡೆ. ಅದು ಮೇಲೆ ಬರಬೇಕಾದ ದಾರಿಯ ಅರ್ಧವನ್ನು ಮುಂದಕ್ಕೆ ವಾಲಿದ ಮೋಲಾರ್ ಆಕ್ರಮಿಸಿಕೊಂಡಿತ್ತು. ಡಾಕ್ಟರು ಹುಳುಕು ತೆಗೆದು ತುಂಬಿದರು. ವಾಲಿದ ಹಲ್ಲನ್ನು ಹಿಂದಕ್ಕೆ ತಳ್ಳಿ, ಆ ಜಾಗ ಮುಚ್ಚಿಕೊಳ್ಳದಂತೆ ತಂತಿ ಹಾಕುವುದಕ್ಕೆ ಮತ್ತೆ ಬರಲು ಹೇಳಿದರು. ಹಾಲುಹಲ್ಲು ಕಿತ್ತ ಕೂಡಲೇ ಜಾಗ ಕಾಯುವ ತಂತಿ ಹಾಕಿದ್ದರೆ ಹಲ್ಲು ತಳ್ಳುವ ಕೆಲಸವೇ ಬರುತ್ತಿರಲಿಲ್ಲ. ಅದನ್ನು ಆಗ ಅಕ್ಕನಿಗೆ ಯಾರೂ ಹೇಳಿರಲಿಲ್ಲ.

ಪಟ್ಟಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ನಾವು ಉರು ಹೊಡೆಯುವ ಅಂಕಿಗಳ ಮೂಲ ಬಹುಮಟ್ಟಿಗೆ 1933ರಲ್ಲಿ ಅಮೆರಿಕದ ಲೋಗನ್ ಮತ್ತು ಕ್ರಾನ್‌ಫೆಲ್ಡ್ ಮಾಡಿದ ಕೆಲಸ. ತೀರಿಕೊಂಡ ಕೆಲವು ಮಕ್ಕಳ ದವಡೆಗಳನ್ನು ಕೊಯ್ದು ನೋಡಿ ಅವರು ಆ ಕಾಲಪಟ್ಟಿ ಮಾಡಿದರು. ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಬೇಗ ಹಲ್ಲು ಬರುತ್ತದೆ, ಒಂದು ಮನೆಯ ಮಕ್ಕಳಲ್ಲೇ ಆರು ತಿಂಗಳು ಹಿಂದುಮುಂದಾಗುತ್ತದೆ. ಆದ್ದರಿಂದ ಒಂದು ಮಗುವಿಗೆ ಪಟ್ಟಿಗಿಂತ ಕೆಲವು ತಿಂಗಳು ತಡವಾದರೆ ಗಾಬರಿಯಾಗಬೇಕಿಲ್ಲ. ಗಮನಿಸಬೇಕಾದದ್ದು ಸರದಿ ತಪ್ಪಿದರೆ, ಅಥವಾ ಒಂದು ಪಕ್ಕ ಬಂದು ಇನ್ನೊಂದು ಪಕ್ಕ ಬಹಳ ದಿನ ಬಾರದಿದ್ದರೆ. ಪುಟ್ಟಿಯ ಬಾಯಲ್ಲಿ ನನ್ನನ್ನು ತಡೆದದ್ದೂ ಎಡಬಲದ ವ್ಯತ್ಯಾಸವೇ ಹೊರತು ವಯಸ್ಸಿನ ಅಂಕಿಯಲ್ಲ.

ಹಲ್ಲು ನೋಡಿ ವಯಸ್ಸು ಹೇಳುವ ಆಸೆ ಮಾತ್ರ ಹಳೆಯದು. 1833ರಲ್ಲಿ ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದು ಎಂದು ಕಾನೂನು ಬಂತು. ಮಗುವಿಗೆ ಒಂಬತ್ತಾಗಿದೆ ಎಂದು ನಂಬುವುದು ಹೇಗೆ? ಜನನ ಪತ್ರ ಇಲ್ಲ. ಎತ್ತರ ನೋಡಿ ಹೇಳುತ್ತಿದ್ದರು. ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು ಸಾವಿರದಷ್ಟು ಮಕ್ಕಳ ಬಾಯಿ ನೋಡಿ, ಎತ್ತರಕ್ಕಿಂತ ಹಲ್ಲೇ ನಂಬಿಕಸ್ಥ ಎಂದು 1837ರಲ್ಲಿ ಪುಸ್ತಿಕೆ ಬರೆದು ಪಾರ್ಲಿಮೆಂಟಿನ ಮುಂದಿಟ್ಟರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಪ್ಪನ ಜನ್ಮದಿನ. ಜೂನ್ 1. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದು. ನಮ್ಮ ಬೀದಿಯಲ್ಲಿ ಅಪ್ಪನ ವಯಸ್ಸಿನ ಅರ್ಧ ಜನರಿಗೆ ಅದೇ ದಿನ ಹುಟ್ಟುಹಬ್ಬ. ಆ ಮೇಷ್ಟ್ರು ಕಿವಿ ಮುಟ್ಟಿಸಿ ನೋಡುವ ಬದಲು ಬಾಯಿ ತೆರೆಸಿ ಆರನೆಯ ಹಲ್ಲು ಹುಡುಕಿದ್ದರೆ ವರ್ಷವಾದರೂ ಹತ್ತಿರಕ್ಕೆ ಬರುತ್ತಿತ್ತೇನೋ.

ವಾರ್ಷಿಕ ಪರೀಕ್ಷೆಯ ಪ್ರಾಕ್ಟಿಕಲ್‌ಗೆ ಇನ್ನು ಕೆಲವೇ ವಾರ ಇದೆ. ಮೇಣದ ಕಡ್ಡಿಯಲ್ಲಿ ಹಲ್ಲು ಕೆತ್ತುವುದರಲ್ಲಿ ನಾನಿನ್ನೂ ಹಿಂದೆ. ಮೋಲಾರ್ ಕೆತ್ತುವಾಗ ಐದೂ ಕಸ್ಪ್‌ಗಳನ್ನು ಒಂದೇ ಎತ್ತರಕ್ಕೆ ಕೆತ್ತಿಬಿಡುತ್ತೇನೆ, ಆಮೇಲೆ ಡಿಸ್ಟಲ್ ಕಸ್ಪ್ ಚಿಕ್ಕದು ಮಾಡಲು ಹೋಗಿ ಮುರಿಯುತ್ತೇನೆ. ಈಗ ಮೊದಲೇ ಮೂರು ಗೆರೆ ಎಳೆದುಕೊಂಡು ಹಿಂದಿನ ಭಾಗಕ್ಕೆ ಕಡಿಮೆ ಜಾಗ ಬಿಟ್ಟು ಶುರುಮಾಡುತ್ತಿದ್ದೇನೆ, ಮುರಿಯುವುದು ಕಡಿಮೆಯಾಗಿದೆ. ಕಳೆದ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಪುಟ್ಟಿಗೆ ಮೇಲಿನ ಎರಡನೆಯ ಬಾಚಿಹಲ್ಲು ಅಲ್ಲಾಡುತ್ತಿದೆಯಂತೆ, ಸರಿಯಾದ ಹೊತ್ತಿಗೇನಾ ಎಂದು ಕೇಳಿದಳು. ಎಂಟು ತುಂಬುವ ಹೊತ್ತಿಗೆ ಅದು ಬೀಳಬೇಕಾದ್ದೇ ಎಂದೆ. ‘ಹಂಗಾರೆ ಸಗಣಿ ರೆಡಿ ಮಾಡ್ಕತೀನಿ ಬಿಡು’ ಎಂದು ಫೋನ್ ಇಟ್ಟಳು.